ಸಹಾಯ ಬೇಕು: 3ಡಿ ಮಾಡೋರಿಗೆ ಜಗುಲಿ ಬಗ್ಗೆ ಏನೇನು ಹೇಳ್ಬೇಕು?

ಶಿರಸಿ ಹತ್ರ ಮೊದಲ ಮನೆ ಕಟ್ಟಿಸ್ತಾ ಇದೀವಿ. 3ಡಿ ಚಿತ್ರ ಮಾಡೋರು ಪ್ಲ್ಯಾನ್ ಇಸ್ಕೊಂಡು "ಮೂಡ್ ಹೇಗಿರ್ಬೇಕು?" ಅಂದ್ರು. "ಹಳೇ ಮನೆ ಥರ, ತಂಪಾಗಿ" ಅಂದೆ. ಬಂದಿದ್ದು ಗೋಡೆ ತುಂಬ ಕಂದು ಹಲಗೆ. 10×12 ಅಡಿ ಜಗುಲಿ ಕಲ್ಯಾಣ ಮಂಟಪದಂಗೆ ಕಾಣ್ತದೆ! ವೈಡ್ ಲೆನ್ಸ್ ಹಾಕಿದ್ದಕ್ಕೆ ಹಂಗೆ ದೊಡ್ಡದಾಗಿ ಕಾಣೋದಂತೆ. ಮೊಬೈಲಲ್ಲಿದ್ದ ಫೋಟೋ ಎಲ್ಲ ಕಳಿಸಿದೆ, ಇನ್ನೂ ಗೋಜಲಾಯ್ತು.

ನಮಗೆ ಬೇಕೇ ಬೇಕಾದ್ದು ಕೆಂಪು ಸಿಮೆಂಟ್ ನೆಲ, ಮಳೆ ಎರಚಲು ತಡೆಯೋ ಹಾಗೆ ಮುಂದಕ್ಕೆ ಚಾಚಿದ ಮಾಡು. ಆ ಮಾಡಿನಿಂದ ಒಳಗೆ ಎಷ್ಟು ಕತ್ತಲಾಗ್ತದೆ ಅನ್ನೋದೇ ಚಿಂತೆ. ಅವರು ತೋರಿಸೋದು ಬರೀ ಬೇಸಿಗೆ ಬಿಸಿಲು.

ಕ್ಯಾಮೆರಾ 5 ಅಡಿ ಎತ್ತರದಲ್ಲಿ, ಪೀಠೋಪಕರಣ ನಿಜವಾದ ಅಳತೆಯಲ್ಲಿ, ಲೈಟ್ ಹಾಕದೆ ಮಳೆಗಾಲದ ಮಧ್ಯಾಹ್ನದ ಬೆಳಕು ಅಂತ ಬರೆದುಕೊಟ್ರೆ ಸಾಕಾ? ದಿಕ್ಕು, ಮಾಡು ಎಷ್ಟು ಅಡಿ ಮುಂದೆ ಬರ್ತದೆ ಅನ್ನೋದೂ ಕೊಡ್ಬೇಕಾ? ಮಾಡಿಸಿದವರು ಹೇಳಿ.