ಉತ್ತರಾ ನಕ್ಷತ್ರಕ್ಕೆ ಅಷ್ಟಮ ಶನಿಯೋ, ಕಂಟಕ ಶನಿಯೋ?

"ಅಕ್ಕ, ಮಗಳದು ಉತ್ತರಾ ನಕ್ಷತ್ರ. ನಮ್ಮ ಪುರೋಹಿತರು ಅಷ್ಟಮ ಶನಿ ಅಂದರು. ನಾದಿನಿ ಕಂಟಕ ಶನಿ ಅಂತಾಳೆ. ಮೊಬೈಲ್ ಆ್ಯಪ್ ಸಾಡೇಸಾತಿ ಅಂತ ತೋರಿಸುತ್ತಿದೆ. ಯಾವುದು ನಿಜ? ಫ್ಲಾಟಿಗೆ ಮುಂಗಡ ಕೊಡಬೇಕು ಅಂತಿದ್ದೆವು, ನಿಲ್ಲಿಸೋದಾ?"

ಸ್ವಲ್ಪ ಉದ್ದ ಆಗುತ್ತೆ ಕಣೇ, ಕೆಲಸ ಮಾಡ್ತಾ ಕೇಳು. ಗ್ರೂಪಿನಲ್ಲಿ ಇನ್ನೂ ಇಬ್ಬರು ಮೂವರು ಇದನ್ನೇ ಕೇಳಿದ್ದರು, ಅವರಿಗೂ ಸೇರಿಸಿಯೇ ಹೇಳುತ್ತೇನೆ.

ಮೊದಲು ಆ್ಯಪ್ ವಿಷಯ ಮುಗಿಸಿಬಿಡೋಣ. ಅದು ನಿನ್ನ ಹತ್ತಿರ ಬರೀ ಹುಟ್ಟಿದ ತಾರೀಕು ಕೇಳಿರುತ್ತೆ. ಅವಳು ಮಾರ್ಚ್ ಕೊನೆ ವಾರದವಳು, ಅದಕ್ಕೆ ಏರೀಸ್ ಅಂದಿದೆ. ಏರೀಸ್ ಅಂದರೆ ಮೇಷ, ಮೇಷಕ್ಕೆ ಈಗ ಸಾಡೇಸಾತಿ ಶುರು, ಸರಿ. ಆದರೆ ಅದು ಸೂರ್ಯನನ್ನು ಹಿಡಿದು, ಅದೂ ಪಾಶ್ಚಾತ್ಯ ಲೆಕ್ಕದಲ್ಲಿ ಹೇಳಿದ ರಾಶಿ. ನಮ್ಮ ಪಂಚಾಂಗದಲ್ಲಿ ಆ ದಿನ ಸೂರ್ಯ ಇನ್ನೂ ಮೀನದಲ್ಲೇ ಇದ್ದ. ಹೇಗೂ ಶನಿಯ ಈ ಹೆಸರುಗಳಿಗೆ ಸೂರ್ಯ ಬೇಕಾಗಿಲ್ಲ. ಹುಟ್ಟಿದಾಗ ಚಂದ್ರ ಯಾವ ರಾಶಿಯಲ್ಲಿದ್ದನೋ ಅದನ್ನು ಒಂದು ಅಂತ ಹಿಡಿದು, ಈಗ ಶನಿ ಇರುವ ರಾಶಿಯವರೆಗೆ ಎಣಿಸಬೇಕು. ಅಷ್ಟೇ ಲೆಕ್ಕ.

2025ರ ಮಾರ್ಚ್ 29ರಿಂದ ಶನಿ ಮೀನದಲ್ಲಿದ್ದಾನೆ. ಸಿಂಹದಿಂದ ಎಣಿಸಿದರೆ ಮೀನ ಎಂಟನೆಯದು, ಅದು ಅಷ್ಟಮ ಶನಿ. ಚಂದ್ರನಿಂದ 4, 7, 10ನೇ ರಾಶಿಯಲ್ಲಿ ಶನಿ ಇದ್ದರೆ ಕಂಟಕ ಶನಿ. ಕೆಲವರು ಜನ್ಮರಾಶಿಯನ್ನೂ ಇದರಲ್ಲೇ ಸೇರಿಸುತ್ತಾರೆ. ಹಾಗಾಗಿ ಈಗ ಧನು ರಾಶಿಯವರಿಗೆ ನಾಲ್ಕರಲ್ಲಿ, ಕನ್ಯಾದವರಿಗೆ ಏಳರಲ್ಲಿ, ಮಿಥುನದವರಿಗೆ ಹತ್ತರಲ್ಲಿ ಕಂಟಕ. ನಾಲ್ಕನೆಯದನ್ನು ಅರ್ಧಾಷ್ಟಮ ಅಂತಲೂ ಕರೆಯುತ್ತಾರೆ.

ಈಗ ನಿನ್ನ ಗೊಂದಲಕ್ಕೆ ಬರೋಣ. ಉತ್ತರಾ ನಕ್ಷತ್ರ ಎರಡು ರಾಶಿಗೆ ಹಂಚಿಹೋಗಿದೆ. ಮೊದಲನೇ ಪಾದ ಸಿಂಹದಲ್ಲಿ, ಉಳಿದ ಮೂರು ಪಾದ ಕನ್ಯಾದಲ್ಲಿ. ಪುರೋಹಿತರು ಒಂದನೇ ಪಾದ ಅಂದುಕೊಂಡಿದ್ದಾರೆ, ನಾದಿನಿ ಕನ್ಯಾ ಅಂತ ಹಿಡಿದಿದ್ದಾಳೆ. ನಕ್ಷತ್ರ ಒಂದನ್ನೇ ಹೇಳಿ ಶನಿ ಕೇಳಿದರೆ ಹೀಗೇ ಆಗೋದು. ಕೃತ್ತಿಕಾ, ಮೃಗಶಿರಾ, ಪುನರ್ವಸು, ಚಿತ್ತಾ, ವಿಶಾಖಾ ಇವರಿಗೂ ಇದೇ ಪಾಡು. ಪಾದ ಹೇಳದೆ ಕೇಳಲೇಬಾರದು.

ಅವಳ ಜಾತಕ ನನ್ನ ಹಳೆ ನೋಟ್‌ಬುಕ್‌ನಲ್ಲಿದೆ. 1994ರ ಹೋಳಿ ಹುಣ್ಣಿಮೆಯ ಹಿಂದಿನ ರಾತ್ರಿ, ಎಂಟೂವರೆ ಅಂತ ನೀನೇ ಬರೆಸಿದ್ದೆ. ಆ ಸಂಜೆಯೇ ಚಂದ್ರ ಸಿಂಹ ಬಿಟ್ಟು ಕನ್ಯಾಕ್ಕೆ ಬಂದಿದ್ದಾನೆ. ಎಂಟೂವರೆಗೆ ಎರಡನೇ ಪಾದದ ಶುರು. ಅಂದರೆ ಕನ್ಯಾ ರಾಶಿ, ಏಳನೇ ಮನೆ, ಕಂಟಕ ಶನಿ. ನಾದಿನಿಗೆ ಹೇಳಬೇಡ, ಇನ್ನು ವರ್ಷಪೂರ್ತಿ ಅದನ್ನೇ ಹೇಳುತ್ತಾಳೆ!

ಆದರೆ ಇಲ್ಲಿ ಒಂದು ಎಚ್ಚರಿಕೆ. ರಾಶಿ ಬದಲಾದದ್ದಕ್ಕೂ ಮಗು ಹುಟ್ಟಿದ್ದಕ್ಕೂ ಒಂದು ಗಂಟೆಯೂ ಅಂತರವಿಲ್ಲ. ನಿನ್ನ ನೆನಪು ಮುಕ್ಕಾಲು ಗಂಟೆ ತಪ್ಪಿದ್ದರೆ ಪುರೋಹಿತರೇ ಸರಿಯಾಗುತ್ತಾರೆ. ಸೂರ್ಯಸಿದ್ಧಾಂತದ ಪಂಚಾಂಗಕ್ಕೂ ದೃಗ್ಗಣಿತದ ಪಂಚಾಂಗಕ್ಕೂ ನಕ್ಷತ್ರ ಮುಗಿಯುವ ಹೊತ್ತಿನಲ್ಲಿ ವ್ಯತ್ಯಾಸ ಬರುವುದೂ ಉಂಟು. ಇಂಥ ಗಡಿಯ ಜಾತಕವನ್ನು ಹಿಂದಿನ ಘಟನೆಗಳಿಂದ ಪರೀಕ್ಷೆ ಮಾಡಬೇಕು. 2017ರಿಂದ 2020ರ ಜನವರಿವರೆಗೆ, ನಡುವೆ ಕೆಲವು ತಿಂಗಳು ಬಿಟ್ಟು, ಶನಿ ಧನುವಿನಲ್ಲಿದ್ದ. ಕನ್ಯಾಕ್ಕೆ ಅದು ನಾಲ್ಕನೇ ಮನೆ, ಸಿಂಹಕ್ಕೆ ಐದನೆಯದು. ನಾಲ್ಕು ಅಂದರೆ ಮನೆ, ತಾಯಿ, ಇರುವ ಊರು. ಆಗ ಏನಾಯಿತು ನೆನಪು ಮಾಡಿಕೋ. ಅವಳು ಕೆಲಸಕ್ಕೆ ಅಂತ ಪುಣೆಗೆ ಹೋಗಿ ಎರಡು ಸಲ ಮನೆ ಬದಲಾಯಿಸಿದಳು, ಇತ್ತ ನಿನ್ನ ಮಂಡಿ ಆಪರೇಷನ್. ನನಗೆ ಇದು ಕನ್ಯಾ ಅಂತಲೇ ಕಾಣುತ್ತೆ. ಒಂದೇ ಸಲದ ಹೊಂದಾಣಿಕೆ ನೋಡಿ ಪೂರ್ತಿ ನಂಬೋದು ಬೇಡ. ಆಸ್ಪತ್ರೆಯ ಚೀಟಿ ಎಲ್ಲಾದರೂ ಇದ್ದರೆ ಹುಡುಕು, ಅದರ ಮೇಲಿನ ಸಮಯವೇ ಗಟ್ಟಿ.

ಕಂಟಕ ಅಂದ ತಕ್ಷಣ ಮೂರೂ ಒಂದೇ ಅಲ್ಲ. ಶನಿಗೆ ತಾನಿರುವ ಕಡೆಯಿಂದ 3, 7, 10ನೇ ಮನೆಗೆ ದೃಷ್ಟಿ. ನಾಲ್ಕರಲ್ಲೂ ಏಳರಲ್ಲೂ ಇದ್ದಾಗ ಆ ದೃಷ್ಟಿ ಜನ್ಮಚಂದ್ರನ ಮೇಲೆ ಬೀಳುತ್ತೆ, ಅದಕ್ಕೇ ಮನಸ್ಸು ಭಾರ ಅನ್ನಿಸೋದು, ನಿದ್ದೆ ಸರಿ ಇಲ್ಲದಿರೋದು. ಹತ್ತರಲ್ಲಿದ್ದರೆ ಚಂದ್ರನನ್ನು ನೋಡುವುದಿಲ್ಲ. ಅಲ್ಲಿ ಕೆಲಸದ ಜಾಗದ ಒತ್ತಡವೇ ಜಾಸ್ತಿ. ಅಷ್ಟಮದಲ್ಲೂ ಚಂದ್ರನ ಮೇಲೆ ದೃಷ್ಟಿ ಇಲ್ಲ. ಅಲ್ಲಿಂದ ಹತ್ತು, ಎರಡು, ಐದನೇ ಮನೆ ನೋಡುತ್ತಾನೆ. ಉದ್ಯೋಗ, ಕೈಯಲ್ಲಿರುವ ದುಡ್ಡು ಮತ್ತು ಮನೆಯವರ ಜೊತೆಗಿನ ಮಾತು, ಮಕ್ಕಳು. ಅಷ್ಟಮದಲ್ಲಿ ಜನ ಹೇಳುವ ಕಷ್ಟಗಳೆಲ್ಲ ಸಾಮಾನ್ಯವಾಗಿ ಈ ಮೂರರ ಸುತ್ತಲೇ ಇರುತ್ತವೆ, ಜೊತೆಗೆ ಆರೋಗ್ಯ.

ನಿನ್ನ ಮಗಳಿಗೆ ಏಳರಿಂದ ಒಂಬತ್ತು, ಒಂದು, ನಾಲ್ಕರ ಮೇಲೆ ದೃಷ್ಟಿ. ನಾಲ್ಕು ಅಂದರೆ ನೀನು ಕೇಳಿದ ಫ್ಲಾಟೇ.

ಹಾಗಂತ ಇದೊಂದನ್ನೇ ನೋಡಿ ಬೇಡ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ. ನೀನೇ ಲೆಕ್ಕ ಹಾಕು. ಶನಿ ಒಂದು ಸುತ್ತಿಗೆ ಸುಮಾರು 30 ವರ್ಷ, ರಾಶಿಗೆ ಎರಡೂವರೆ. ಸಾಡೇಸಾತಿ ಏಳೂವರೆ ವರ್ಷ, ಕಂಟಕ ಮೂರು ಕಡೆ ಸೇರಿ ಏಳೂವರೆ, ಅಷ್ಟಮ ಎರಡೂವರೆ, ಪಂಚಮ ಎರಡೂವರೆ. ಒಟ್ಟು 20 ವರ್ಷ. ಒಳ್ಳೆಯದು ಅಂತ ಹೇಳೋದು 3, 6, 11 ಮಾತ್ರ. 30ರಲ್ಲಿ 20 ವರ್ಷ ಮನೆ ಕೊಳ್ಳಬಾರದು, ಮದುವೆ ಆಗಬಾರದು ಅಂದರೆ ಯಾರಾದರೂ ಬದುಕೋದು ಹೇಗೆ? ಅದಕ್ಕೇ ಹಳಬರು ಚಂದ್ರನಿಂದ ಎಣಿಸಿ ಅಲ್ಲಿಗೇ ನಿಲ್ಲಿಸುತ್ತಿರಲಿಲ್ಲ. ಅಷ್ಟಕವರ್ಗ ನೋಡುತ್ತಿದ್ದರು, ದಶೆ ನೋಡುತ್ತಿದ್ದರು.

ಅಷ್ಟಕವರ್ಗದಲ್ಲಿ ಏಳು ಗ್ರಹ ಮತ್ತು ಲಗ್ನ, ಈ ಎಂಟೂ ಸೇರಿ ಶನಿಗೆ ಪ್ರತಿ ರಾಶಿಯಲ್ಲಿ ಬಿಂದು ಕೊಡುತ್ತವೆ. 12 ರಾಶಿಗೆ ಒಟ್ಟು 39 ಬಿಂದು. ಅಂದರೆ ಒಂದು ರಾಶಿಗೆ ಸರಾಸರಿ ಮೂರು ಚಿಲ್ಲರೆ. ನಾಲ್ಕು ಅಥವಾ ಜಾಸ್ತಿ ಇದ್ದರೆ ಶನಿ ಅಲ್ಲಿ ಹೆಚ್ಚು ಕಾಡುವುದಿಲ್ಲ, ಒಂದೋ ಸೊನ್ನೆಯೋ ಇದ್ದರೆ ಹುಷಾರು. ಚಂದ್ರ ತನ್ನಿಂದ 3, 6, 11ಕ್ಕೆ ಮಾತ್ರ ಬಿಂದು ಕೊಡುತ್ತಾನೆ, ಹಾಗಾಗಿ ಅಷ್ಟಮಕ್ಕೂ ಕಂಟಕಕ್ಕೂ ಚಂದ್ರನ ಕಡೆಯಿಂದ ಯಾವಾಗಲೂ ಸೊನ್ನೆ. ನೋಡು, ಚಂದ್ರನ ಮಾತು ಎಂಟರಲ್ಲಿ ಒಂದು ಮಾತ್ರ. ಅವಳ ಜಾತಕದಲ್ಲಿ ಮೀನಕ್ಕೆ ಸೂರ್ಯ ಒಂದು ಕೊಟ್ಟಿದ್ದಾನೆ. ತುಲಾದಲ್ಲಿರುವ ಗುರು ಒಂದು, ತುಲಾ ಲಗ್ನ ಒಂದು. ಒಟ್ಟು ಮೂರು. ಸಾಧಾರಣ. ತಡ ಆಗಬಹುದು, ಓಡಾಟ ಜಾಸ್ತಿ ಆಗಬಹುದು, ಕೈ ಜಾರಿ ಹೋಗುವಂಥದ್ದೇನೂ ಕಾಣುವುದಿಲ್ಲ.

ಇನ್ನೊಂದು, ತುಲಾ ಲಗ್ನಕ್ಕೆ ಶನಿ ಯೋಗಕಾರಕ. ನಾಲ್ಕಕ್ಕೂ ಐದಕ್ಕೂ ಅವನೇ ಅಧಿಪತಿ. ಜಾತಕದಲ್ಲಿ ಅವನು ಸ್ವಂತ ಮನೆ ಕುಂಭದಲ್ಲಿದ್ದಾನೆ. ಮನೆ ಕೊಡಬೇಕಾದವನೇ ಅವನು ಅಂತ ಅರ್ಥ. ಇಂಥವರಿಗೆ ಕಂಟಕ, ಅಷ್ಟಮದಲ್ಲಿ ದುಡಿಸಿ ಕೊಡುತ್ತಾನೆ ಅಂತ ನಾನು ಓದುತ್ತೇನೆ. ಇದೇ ಕನ್ಯಾ ರಾಶಿ, ಆದರೆ ಕರ್ಕ ಲಗ್ನ, ಮೇಲೆ ಶನಿ ದಶೆಯೇ ನಡೆಯುತ್ತಿದ್ದಿದ್ದರೆ ನಾನೇ ಮುಂಗಡ ಕೊಡಬೇಡ ಅಂತಿದ್ದೆ.

ಅವಳಿಗೆ ರಾಹು ದಶೆ, 2026ರಲ್ಲಿ ಕೇತು ಭುಕ್ತಿ, 2027ರ ಆರಂಭದಿಂದ ಶುಕ್ರ ಭುಕ್ತಿ. ಕೇತು ಭುಕ್ತಿಯಲ್ಲಿ ಕಾಗದಪತ್ರದ ಗೋಜಲು ಬರುತ್ತೆ, ಅದನ್ನು ಮಾತ್ರ ಗಮನಿಸು. ಗುರುವಿನ ಕಡೆಯಿಂದ ಒಳ್ಳೆ ಸಮಯ ಇದೆ. 2026ರ ಜೂನ್ ಶುರುವಿನಿಂದ ಅಕ್ಟೋಬರ್ ಕೊನೆವರೆಗೆ ಗುರು ಕರ್ಕದಲ್ಲಿ ಉಚ್ಚ, ಕನ್ಯಾಕ್ಕೆ ಹನ್ನೊಂದರಲ್ಲಿ. ಅಲ್ಲಿಂದ ಒಂಬತ್ತನೇ ದೃಷ್ಟಿಯಲ್ಲಿ ಮೀನದ ಶನಿಯನ್ನೂ ನೋಡುತ್ತಾನೆ. ರಿಜಿಸ್ಟ್ರೇಷನ್ ಈ ಐದು ತಿಂಗಳಲ್ಲಿ ಇಟ್ಟುಕೊಳ್ಳಿ. ಮುಂಗಡ ಕೊಡೋ ಮೊದಲು ಇಸಿ, ಖಾತಾ, ಮಂಜೂರಾದ ನಕ್ಷೆ ಮೂರನ್ನೂ ವಕೀಲರ ಕೈಯಲ್ಲಿ ನೋಡಿಸಿ. ಅದನ್ನು ಶನಿ ಇಲ್ಲದಿದ್ದರೂ ಮಾಡಬೇಕು, ಅಲ್ವಾ.

ಮುಂದಿನದ್ದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇನ್ನೊಬ್ಬರು ಹೆದರಿಸುತ್ತಾರೆ. 2027ರ ಜೂನ್ ಆರಂಭದಲ್ಲಿ ಶನಿ ಮೇಷಕ್ಕೆ ಹೋಗುತ್ತಾನೆ. ಆಗ ಸಿಂಹದವರಿಗೆ ಅಷ್ಟಮ ಬಿಟ್ಟು ಕನ್ಯಾದವರಿಗೆ ಶುರುವಾಗುತ್ತೆ. ಅಕ್ಟೋಬರ್‌ನಲ್ಲಿ ವಕ್ರಿಯಾಗಿ ಮೀನಕ್ಕೆ ವಾಪಸು ಬಂದು, 2028ರ ಫೆಬ್ರವರಿಯಲ್ಲಿ ಮತ್ತೆ ಮೇಷ. ಅಂದರೆ ಸಿಂಹದವರು ಬಿಟ್ಟಿತು ಅಂತ ನಿಟ್ಟುಸಿರು ಬಿಟ್ಟ ಮೇಲೆ ನಾಲ್ಕು ತಿಂಗಳು ಮತ್ತೆ ಅನುಭವಿಸಬೇಕು. ತಮಿಳುನಾಡಿನ ಕಡೆಯ ವಾಕ್ಯ ಪಂಚಾಂಗದವರ ತಾರೀಕು ಬೇರೆ ಇರುತ್ತೆ. 2025ರಲ್ಲಿ ತಿರುನಳ್ಳಾರ್ ದೇವಸ್ಥಾನದವರೇ ನಮ್ಮಲ್ಲಿ ಶನಿ ಬದಲಾವಣೆ 2026ರಲ್ಲಿ ಅಂತ ತಿಳಿಸಿದ್ದರು. ಅಲ್ಲಿಗೆ ಹೋಗೋ ಆಸೆ ಇರುವವರು ಮೊದಲು ಅವರ ತಾರೀಕು ನೋಡಿಕೊಳ್ಳಿ.

ಅವಳ ಅಷ್ಟಮ ಬಂದಾಗ ನಡೆಯೋದು ಶುಕ್ರ ಭುಕ್ತಿ. ಶುಕ್ರ ಲಗ್ನಾಧಿಪತಿ, ಜಾತಕದಲ್ಲಿ ಮೀನದಲ್ಲಿ ಉಚ್ಚ. ಆದರೆ ಇರೋದು ಆರನೇ ಮನೆಯಲ್ಲಿ, ಅದು ಸಾಲದ ಮನೆ. ಹೌಸಿಂಗ್ ಲೋನ್ ಅಂತೂ ಬರುತ್ತೆ. ಇಎಂಐ ಅವಳೊಬ್ಬಳ ಸಂಬಳದ ಮೂರನೇ ಒಂದು ಭಾಗ ದಾಟದಂತೆ ನೋಡಿಕೊಳ್ಳಲಿ, ಅಷ್ಟಮದಲ್ಲಿ ಕೆಲಸ ಬದಲಾಯಿಸುವ ಯೋಚನೆ ಬಂದರೂ ಬರಬಹುದು. ಯಾರಾದರೂ ಶನಿಗೆ ಅಂತ ನೀಲ ಹಾಕಿಸಿ ಅಂದರೆ ಹಾಕಿಸಬೇಡ. ಎರಡೂವರೆ ವರ್ಷದ ಗೋಚಾರ ನೋಡಿ ಕಲ್ಲು ಹಾಕುವುದಲ್ಲ. ಶನಿವಾರ ಆಂಜನೇಯನ ಗುಡಿಯಲ್ಲಿ ಎಳ್ಳೆಣ್ಣೆ ದೀಪ ಹಚ್ಚಲಿ, ಮನಸ್ಸಿಗೆ ಹಿತ. ಸಾವಿರಗಟ್ಟಲೆ ಹೇಳಿ ಶಾಂತಿ ಮಾಡಿಸಿ ಅಂದರೆ ನನಗೊಂದು ಫೋನ್ ಮಾಡು.

ಆಸ್ಪತ್ರೆ ಚೀಟಿ ಸಿಕ್ಕರೆ ಫೋಟೋ ಹಾಕು. ಸಮಯ ಎಂಟಕ್ಕಿಂತ ಮೊದಲು ಇದ್ದರೆ ಮೇಲೆ ಹೇಳಿದ್ದರಲ್ಲಿ ಅರ್ಧ ಬದಲಾಗುತ್ತೆ, ಮತ್ತೆ ಕೂತು ನೋಡೋಣ.