ದರ ಏರಿಸಿದಷ್ಟೂ ಕೊರತೆ: ಸರಾಸರಿ ವೆಚ್ಚದ ದರ, ಸೀಮಾಂತ ವೆಚ್ಚದ ದರ

ಪರೀಕ್ಷೆಗೆ ಓದ್ತಿರೋಳು: ಮೇಡಂ, ನೀರಿನ ಪೈಪ್ ಜಾಲದ ಹಾಗೆ ಒಬ್ಬರೇ ನಡೆಸಿದರೆ ಅಗ್ಗವಾಗೋ ಸಹಜ ಏಕಸ್ವಾಮ್ಯಕ್ಕೆ ಸೀಮಾಂತ ವೆಚ್ಚದ ದರ ಸರಿಯೋ, ಸರಾಸರಿ ವೆಚ್ಚದ ದರ ಸರಿಯೋ? ಒಂದೇ ಉತ್ತರ ಹೇಳಿ.

ದರ ತಜ್ಞೆ: ಒಂದೇ ಉತ್ತರ ಇಲ್ಲಮ್ಮ. ಲೆಕ್ಕ ಹಾಕಿ ನೋಡು. ಒಂದು ಪೈಪ್ ಜಾಲಕ್ಕೆ ವರ್ಷಕ್ಕೆ ಸ್ಥಿರ ವೆಚ್ಚ 60, ಒಂದು ಯೂನಿಟ್ ಜಾಸ್ತಿ ಕೊಡೋಕೆ 4, ಅದೇ ಸೀಮಾಂತ ವೆಚ್ಚ. ದರ 20 ಆದರೆ ಯಾರೂ ಕೊಳ್ಳಲ್ಲ. ಅಲ್ಲಿಂದ ದರ 1 ಇಳಿದರೆ ಬೇಡಿಕೆ 1 ಏರುತ್ತದೆ. ದರ 4 ಇಟ್ಟರೆ 16 ಯೂನಿಟ್ ಹೋಗುತ್ತದೆ, ಆದರೆ 60 ಪೂರ್ತಿ ನಷ್ಟ. ದರ 10, ಅಂದರೆ ಸರಾಸರಿ ವೆಚ್ಚವನ್ನೇ ಇಟ್ಟರೆ 10 ಯೂನಿಟ್ ಹೋಗುತ್ತದೆ, ನಷ್ಟವೂ ಇಲ್ಲ ಲಾಭವೂ ಇಲ್ಲ. ಉಳಿದ 6 ಯೂನಿಟ್‌ಗೆ 4ಕ್ಕಿಂತ ಜಾಸ್ತಿ ಕೊಡೋಕೆ ಜನ ತಯಾರಿದ್ದರೂ ಅದು ಸಿಗಲ್ಲ. ಅದರ ಪೆಟ್ಟು 6 × 6 ÷ 2, ಅಂದರೆ 18.

ಈಗ ದರ 4ಕ್ಕೆ ವಾಪಸ್ ಬಾ. ಅಲ್ಲಿ 60ರ ನಷ್ಟವನ್ನು ತೆರಿಗೆಯಿಂದ ತುಂಬಬೇಕು. 1 ತೆರಿಗೆ ಎತ್ತೋಕೆ ಬೇರೆ ಕಡೆ 0.30 ಪೆಟ್ಟು ಬೀಳುತ್ತದೆ ಅಂದುಕೋ. 60ಕ್ಕೆ 18. ಎರಡೂ ಸಮ! 0.30ಕ್ಕಿಂತ ಕಡಿಮೆ ಆದರೆ ಸೀಮಾಂತ ವೆಚ್ಚದ ದರ ಗೆಲ್ಲುತ್ತದೆ, ಜಾಸ್ತಿ ಆದರೆ ಸರಾಸರಿ ವೆಚ್ಚದ್ದು.

ಲೆಕ್ಕದ ಮೇಷ್ಟ್ರು: ಸೀಮಾಂತ ವೆಚ್ಚದ ದರ ಇಡಿ, ನಷ್ಟ ತೆರಿಗೆಯಿಂದ ತುಂಬಿ ಅಂತ 1938ರಲ್ಲಿ ಅರ್ಥಶಾಸ್ತ್ರಜ್ಞ ಹೋಟೆಲಿಂಗ್ ಹೇಳಿದ್ದನ್ನು 1946ರಲ್ಲಿ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಕೋಸ್ ಪೂರ್ತಿ ತಳ್ಳಿಹಾಕಿದರು. ಸೀಮಾಂತ ವೆಚ್ಚದ ದರವೇ ತಪ್ಪು ಅಂತ ಸಾಬೀತಾಗಿದೆ.

ದರ ತಜ್ಞೆ: ಅರ್ಧ ಸರಿ, ಮೇಷ್ಟ್ರೇ. ಕೋಸ್ ಬೇಡ ಅಂದಿದ್ದು ತೆರಿಗೆಯಿಂದ ನಷ್ಟ ತುಂಬೋದನ್ನು. ಜಾಲ ಹಾಕಿದ್ದು ಸಾರ್ಥಕವೋ ಅಂತ ಆಮೇಲೆ ಯಾರಿಗೂ ಗೊತ್ತಾಗಲ್ಲ ಅನ್ನೋದು ಅವರ ತಕರಾರು. ಕೊನೆಯ ಯೂನಿಟ್‌ಗೆ 4 ಇರಲಿ, ಸ್ಥಿರ ವೆಚ್ಚವನ್ನು ಬಳಸುವವರಿಂದಲೇ ಬೇರೆಯಾಗಿ ವಸೂಲಿ ಮಾಡಿ ಅನ್ನೋದು ಅವರ ದಾರಿ.

ಪೈಪ್‌ಲೈನ್: ಮೇಡಂ, ನಾನು ಒಂದು ನೀರು ಸರಬರಾಜು ಸಂಸ್ಥೆಯ ಲೆಕ್ಕ ವಿಭಾಗದಲ್ಲಿದ್ದೇನೆ. ಹೋದ ವರ್ಷದ ಸರಾಸರಿ ವೆಚ್ಚವೇ ಈ ವರ್ಷದ ದರ ಅಂತ ನಿಯಮ. ಪ್ರತಿ ವರ್ಷ ಹಾಗೇ ಇಡ್ತೀವಿ, ಪ್ರತಿ ವರ್ಷ ಕೊರತೆ. ಆದರೆ ಕೊರತೆ ಕಡಿಮೆ ಆಗ್ತಿದೆ. ಸುಮ್ನೆ ಕಾಯಬಹುದಾ?

ದರ ತಜ್ಞೆ: ಕಾಯಬೇಡಿ. ನಿಮ್ಮದು ನನಗೆ ನಿಜವಾಗಿ ಚಿಂತೆ ತರೋ ವಿಷಯ.

ಮೇಲಿನ ಲೆಕ್ಕವನ್ನೇ ತೊಗೊಳ್ಳಿ. ಬೇಡಿಕೆ ಒಂದೇ ಒಂದು ಯೂನಿಟ್ ಕುಸಿಯಿತು ಅಂದುಕೊಳ್ಳಿ. ಒಬ್ಬ ದೊಡ್ಡ ಗ್ರಾಹಕ ಸ್ವಂತ ಬಾವಿ ತೋಡಿಸಿಕೊಂಡ, ಅಷ್ಟೇ. ದರ 10 ಇದ್ದಾಗ ಈಗ ಹೋಗೋದು 9 ಯೂನಿಟ್, ಕೊರತೆ 6. ಸರಾಸರಿ ವೆಚ್ಚ 10.67 ಆಯಿತು ಅಂತ ಮುಂದಿನ ವರ್ಷ ಅದನ್ನೇ ದರ ಮಾಡ್ತೀರಿ. ಬಳಕೆ 8.33ಕ್ಕೆ ಇಳಿಯುತ್ತದೆ, ಕೊರತೆ 4.4. ಆಮೇಲೆ ದರ 11.2, ಕೊರತೆ 3.8. ಆಮೇಲೆ ದರ 11.7, ಕೊರತೆ ಮತ್ತೆ 3.8. ಇಲ್ಲಿವರೆಗೆ ಆಫೀಸಿನಲ್ಲಿ ಎಲ್ಲರೂ ಖುಷಿ. ಮುಂದೆ ನೋಡಿ: ದರ 12.2, ಕೊರತೆ 4.3. ಆಮೇಲೆ 5.5. ಆಮೇಲೆ 8.7.

ಯಾಕೆ ಅಂದರೆ, ಈಗ ಯಾವ ದರ ಇಟ್ಟರೂ ಯೂನಿಟ್‌ಗೆ 4ರಂತೆ ಖರ್ಚು ಕಳೆದ ಮೇಲೆ 60 ಹುಟ್ಟಲ್ಲ. ದರ 11.5 ಇಟ್ಟಾಗ ಅತಿ ಹೆಚ್ಚು, ಅಂದರೆ 56.25, ಕೈಗೆ ಬರುತ್ತದೆ. ಲಾಭಕೋರ ಏಕಸ್ವಾಮ್ಯದವನು ಬಂದರೂ ಅಷ್ಟೇ. ಸರಾಸರಿ ವೆಚ್ಚದ ಗೆರೆ ಬೇಡಿಕೆಯ ಗೆರೆಯನ್ನು ಎಲ್ಲೂ ಮುಟ್ಟಲ್ಲ. ನೀವು ಅಟ್ಟಿಸಿಕೊಂಡು ಹೋಗ್ತಿರೋ ದರ ಇಲ್ಲವೇ ಇಲ್ಲ.

ಹಾಗಂತ ಜಾಲ ಮುಚ್ಚಬೇಕಾ? ಖಂಡಿತ ಬೇಡ. ದರ 4 ಇಟ್ಟರೆ 15 ಯೂನಿಟ್ ಹೋಗುತ್ತದೆ, ಜನರಿಗೆ ಸಿಗೋ ಪ್ರಯೋಜನ 112.5. ಸ್ಥಿರ ವೆಚ್ಚ 60 ಮಾತ್ರ. ಬೇಕಾದ ಜಾಲವೇ ಇದು, ಒಂದೇ ದರದಲ್ಲಿ ಬದುಕೋಕೆ ಆಗದ ಜಾಲ.

ಪುಸ್ತಕ ತೆಗೆದು ಒಂದೇ ಒಂದು ಪರೀಕ್ಷೆ ಮಾಡಿ. ಪ್ರತಿ ವರ್ಷದ ಒಟ್ಟು ವಸೂಲಿಯಿಂದ ಆ ನೀರು ಕೊಡೋಕೆ ತಗಲಿದ ಚಾಲನಾ ಖರ್ಚು ಕಳೆಯಿರಿ. ಬೇರೇನೂ ಬದಲಾಗದೆ, ದರ ಏರಿಸಿದ ಮೇಲೆ ಆ ಉಳಿಕೆ ಇಳಿದಿದ್ದರೆ ನೀವು ಶಿಖರ ದಾಟಿದ್ದೀರಿ. ಕೊರತೆಯ ಅಂಕಿ ಮಾತ್ರ ನೋಡ್ತಾ ಕೂತರೆ ಮೋಸ ಹೋಗ್ತೀರಿ.

ಮಾರುಕಟ್ಟೆ ಪ್ರಿಯ: ಫಾರ್ವರ್ಡ್ ಆಗಿ ಬಂದಿದ್ದು, ಎಲ್ಲರೂ ಓದಿ: “ಎರಡನೇ ಕಂಪನಿಗೆ ಅನುಮತಿ ಕೊಡಿ, ಪೈಪೋಟಿಯಲ್ಲಿ ದರ ತಾನೇ ಇಳಿಯುತ್ತದೆ!”

ದರ ತಜ್ಞೆ: ಇದನ್ನು ಯಾರೂ ಪ್ರಯೋಗ ಮಾಡಬೇಡಿ. ಎರಡು ಪೈಪ್ ಹೂತರೆ ಸ್ಥಿರ ವೆಚ್ಚ 120. ಅದೇ 10 ಯೂನಿಟ್‌ಗೆ ಸರಾಸರಿ 16 ಆಗುತ್ತದೆ. ಇಬ್ಬರೂ ಕಿತ್ತಾಡಿ ದರ 4ಕ್ಕೆ ಇಳಿಸಿದರೆ ಇಬ್ಬರಿಗೂ ನಷ್ಟ, ಕೊನೆಗೆ ಒಬ್ಬ ಮುಳುಗುತ್ತಾನೆ. ಉಳಿದವನು ಮತ್ತೆ ಏಕಸ್ವಾಮಿ.

ಮಾರುಕಟ್ಟೆ ಪ್ರಿಯ: ಫೋನ್‌ನಲ್ಲಿ ಆಯ್ತಲ್ಲ?

ಲೆಕ್ಕದ ಮೇಷ್ಟ್ರು: ಫೋನ್‌ಗೆ ಗಾಳಿ ಸಾಕು ಸ್ವಾಮಿ, ನೀರಿಗೆ ಪೈಪ್ ಬೇಕು.

ಮಾರುಕಟ್ಟೆ ಪ್ರಿಯ: ಟವರ್ ಪುಕ್ಕಟೆ ಬರುತ್ತಾ? ಪಾಠ ಹೇಳೋಕೆ ಬರಬೇಡಿ.

ಲೆಕ್ಕದ ಮೇಷ್ಟ್ರು: ಬರೋರು ನೀವು, ಅದೂ ಫಾರ್ವರ್ಡ್ ಹೊತ್ತುಕೊಂಡು.

ಮೂರನೇ ಮಹಡಿ: ನಮ್ಮ ಕಟ್ಟಡದ ಲಿಫ್ಟ್ ಖರ್ಚು ನೆಲಮಹಡಿಯವರೂ ಕೊಡಬೇಕಾ? ಇದೂ ಸ್ಥಿರ ವೆಚ್ಚವೇ ಅಲ್ವಾ ಮೇಡಂ?

ಇನ್ನೊಬ್ಬ ಸದಸ್ಯ: ಸೀಮಾಂತ ವೆಚ್ಚದ ದರ ಇಟ್ಟು ನಷ್ಟ ಸರ್ಕಾರ ತುಂಬಿದರೆ ಮುಗೀತಲ್ಲ?

ದರ ತಜ್ಞೆ: ಮೇಲೆ ಓದಿ. 0.30.

ಪೈಪ್‌ಲೈನ್: ಮೇಡಂ, ಪರೀಕ್ಷೆ ಮಾಡಿದೆ. ಎರಡು ವರ್ಷದಿಂದ ಉಳಿಕೆ ಇಳೀತಿದೆ. ಸ್ಥಿರ ವೆಚ್ಚ ಅದಕ್ಕಿಂತ ಜಾಸ್ತಿ ಇಳಿದಿದ್ದಕ್ಕೆ ಕೊರತೆ ಕಡಿಮೆ ಕಂಡಿದ್ದು. ಈಗ ಏನು ಮಾಡೋದು?

ದರ ತಜ್ಞೆ: ಬಿಲ್ ಎರಡು ಭಾಗ ಮಾಡಿ. ಯೂನಿಟ್‌ಗೆ 4, ಅದರ ಮೇಲೆ ಪ್ರತಿ ಮನೆಗೆ ಸ್ಥಿರ ಶುಲ್ಕ. 20 ಮನೆ ಇದ್ದರೆ ತಲಾ 3, ಅಲ್ಲಿಗೆ 60 ಬಂತು.

ಎಡವೋದು ಇಲ್ಲೇ. 5 ಮನೆ ತುಂಬಾ ಚಿಕ್ಕವು, ನೀರಿನಿಂದ ಅವರಿಗೆ ಆಗೋ ಪ್ರಯೋಜನ ತಲಾ 2 ಅಂದುಕೊಳ್ಳಿ. 3 ಕೊಡಿ ಅಂದರೆ ಸಂಪರ್ಕವನ್ನೇ ಕಿತ್ತುಹಾಕ್ತಾರೆ. ಉಳಿದ 15 ಮನೆಗೆ ಶುಲ್ಕ 4 ಆಗುತ್ತದೆ. ಅವರು ತಾಳಿಕೊಂಡರೂ ಆ ಐದು ಮನೆ ವಿನಾಕಾರಣ ಹೊರಗೆ. ಚಿಕ್ಕವರಿಗೆ 1, ದೊಡ್ಡವರಿಗೆ 3.67 ಇಡಿ. ಯಾರೂ ಬಿಡಲ್ಲ, 60 ತುಂಬುತ್ತದೆ.

ಪೈಪ್‌ಲೈನ್: ಚಿಕ್ಕವರು ಯಾರು ಅಂತ ಗೊತ್ತಾಗೋದು ಹೇಗೆ? ಬಳಕೆ ನೋಡಿ ಶುಲ್ಕ ಹಾಕಲಾ?

ದರ ತಜ್ಞೆ: ಬೇಡ. ಬಳಕೆ ನೋಡಿ ಹಾಕಿದರೆ ಅದು ಮತ್ತೆ ಯೂನಿಟ್ ದರವೇ, ಹೆಸರು ಬೇರೆ ಅಷ್ಟೇ. ಮೀಟರಿನ ಅಳತೆ ಅಥವಾ ಪೈಪಿನ ವ್ಯಾಸ ನೋಡಿ ಹಾಕಿ. ಅದನ್ನು ಯಾರೂ ತಿಂಗಳಿಗೊಮ್ಮೆ ಬದಲಿಸಲ್ಲ.

ಲೆಕ್ಕದ ಮೇಷ್ಟ್ರು: ಒಬ್ಬನೇ ಇರೋ ಶ್ರೀಮಂತನಿಗೂ ಸಣ್ಣ ಪೈಪ್ ಸಾಕು. ಬಡವರ ಹತ್ತು ಜನರ ಮನೆಗೆ ದೊಡ್ಡದು ಬೇಕು. ಇದು ನ್ಯಾಯವಾ?

ದರ ತಜ್ಞೆ: ಅಲ್ಲ. ಒಳ್ಳೆ ಗುರುತು ಸಿಕ್ಕರೆ ನೀವೇ ಹೇಳಿ, ನಾನೂ ಹುಡುಕ್ತಿದ್ದೇನೆ.

ಮಾರುಕಟ್ಟೆ ಪ್ರಿಯ: ನೋಡಿದ್ರಾ, ಇವರ ಹತ್ತಿರಾನೂ ಉತ್ತರ ಇಲ್ಲ. ಎರಡನೇ ಕಂಪನಿ ಬರಲಿ ಅಂದಿದ್ದು ಅದಕ್ಕೇ.

ದರ ತಜ್ಞೆ: 120.

ಮೂರನೇ ಮಹಡಿ: ಲಿಫ್ಟ್ ವಿಷಯ ಯಾರೂ ಹೇಳಲಿಲ್ಲ.

ಪರೀಕ್ಷೆಗೆ ಓದ್ತಿರೋಳು: ಮೇಡಂ, ಪರೀಕ್ಷೆಯಲ್ಲಿ “ಎರಡೂ ಸಮ” ಅಂತ ಬರೆದರೆ ಅಂಕ ಕೊಡ್ತಾರಾ?