ಎನ್‌ಹಾನ್ಸ್ ಮಾಡಿದ ಫೋಟೋದಲ್ಲಿ ಅಜ್ಜಿಯ ಹಲ್ಲು, ಓಲೆ ಬದಲಾಗಿವೆ. ಇನ್ನೇನು ಬದಲಾಗಿದೆ ಅಂತ ಹುಡುಕೋದು ಹೇಗೆ?

ಹಳೇಆಲ್ಬಮ್: ನಾಮಕರಣದ ಗ್ರೂಪ್ ಫೋಟೋ, ಕಪ್ಪು-ಬಿಳುಪು. 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಮೊಬೈಲ್ ಆ್ಯಪ್ ಒಂದರಲ್ಲಿ ಎನ್‌ಹಾನ್ಸ್ ಒತ್ತಿದೆ. ಅಮ್ಮ ನೋಡಿದವರೇ "ಇದು ನಮ್ಮಮ್ಮನ ನಗು ಅಲ್ಲ" ಅಂದರು. ಅಜ್ಜಿಯ ಮುಂದಿನ ಎರಡು ಹಲ್ಲಿನ ನಡುವೆ ಸಂದಿ ಇತ್ತು, ಅದು ಮುಚ್ಚಿಹೋಗಿದೆ. ಒಂದು ಕಿವಿಯಲ್ಲಿ ಬೆಂಡೋಲೆ, ಇನ್ನೊಂದರಲ್ಲಿ ಜುಮುಕಿ ಥರ ಏನೋ. ಮಗುವನ್ನು ಹಿಡಿದ ಕೈಯಲ್ಲಿ ಆರು ಬೆರಳು. ಫ್ರೇಮ್ ಹಾಕಿಸೋ ಮುಂಚೆ ಉಳಿದ ತಪ್ಪುಗಳೂ ಸಿಗಬೇಕು.

ಶೆಟ್ರು: ಸ್ಕ್ಯಾನ್ ಸಾಲದು. 1200ಕ್ಕೆ ಇಟ್ಟು ಮತ್ತೆ ಮಾಡಿ, ಎಲ್ಲ ಸರಿಹೋಗುತ್ತೆ.

ಡಾರ್ಕ್‌ರೂಮ್: ಸ್ಕ್ಯಾನ್ ಹೆಚ್ಚಿಸೋದು ಒಳ್ಳೇದೇ, ಆದರೆ ಅದೊಂದರಿಂದ ಆಗಲ್ಲ. ಗ್ರೂಪ್ ಫೋಟೋದಲ್ಲಿ ಮುಖ ಸುಮಾರು 8 ಮಿ.ಮೀ. ಅಗಲ ಇದ್ದರೆ 300ರಲ್ಲಿ ಬರೋದು ತೊಂಬತ್ತು ಚಿಲ್ಲರೆ ಪಿಕ್ಸೆಲ್, ಅದರಲ್ಲಿ ಒಂದೊಂದು ಹಲ್ಲಿಗೆ ನಾಲ್ಕೈದು. ಅಷ್ಟರಲ್ಲಿ ಸಂದಿ ಅನ್ನೋದು ಬರೀ ಒಂದು ಬೂದು ಚುಕ್ಕೆ. ಟೂಲ್ ತಾನು ಕಲಿತ ಸಾವಿರಾರು ಮುಖಗಳ ಹಲ್ಲನ್ನೇ ಅಲ್ಲಿ ಬರೆದುಬಿಡುತ್ತೆ. 600ಕ್ಕೆ ಏರಿಸಿ, ಸ್ವಲ್ಪ ಸಿಗುತ್ತೆ. ಆದರೆ ಪ್ರಿಂಟ್‌ನಲ್ಲೇ ಇಲ್ಲದ ವಿವರ 1200ರಲ್ಲೂ ಬರಲ್ಲ.

ಓಲೆಯ ಕಥೆ ಬೇರೆ. ಇಂಥ ಬಹಳಷ್ಟು ಟೂಲ್‌ಗಳು ಮುಖವನ್ನು ಬೇರೆಯಾಗಿ ಚೌಕಕ್ಕೆ ಕತ್ತರಿಸಿ, ತಿದ್ದಿ, ವಾಪಸ್ ಅಂಟಿಸುತ್ತವೆ. ಕಿವಿ ಬರೋದು ಆ ಚೌಕದ ಅಂಚಿನಲ್ಲಿ. ಎರಡೂ ಕಿವಿಯ ಓಲೆ ಒಂದೇ ಜೊತೆ ಅನ್ನೋದೂ ಅದಕ್ಕೆ ಗೊತ್ತಿಲ್ಲ.

ಹುಡುಕೋಕೆ ಗಿಂಪ್ ಅನ್ನೋ ಫೋಟೋ ತಿದ್ದುವ ಉಚಿತ ಸಾಫ್ಟ್‌ವೇರ್ ಸಾಕು. ತಿದ್ದಿದ್ದನ್ನು ಕೆಳಗೆ, ಮೂಲ ಸ್ಕ್ಯಾನನ್ನು ಅದೇ ಅಳತೆಗೆ ಹಿಗ್ಗಿಸಿ ಮೇಲಿನ ಲೇಯರ್‌ನಲ್ಲಿ ಇಡಿ. ಮೋಡ್ `Difference`ಗೆ ಬದಲಿಸಿ. ಬದಲಾಗದ ಜಾಗ ಕಪ್ಪಾಗಿರುತ್ತೆ. ಅಂಚುಗಳಲ್ಲಿ ತೆಳು ಗೆರೆ ಕಂಡರೆ ಅದು ಶಾರ್ಪ್ ಆಗಿದ್ದಕ್ಕೆ, ಬಿಡಿ. ತುಂಡಾಗಿ ಬೆಳ್ಳಗೆ ಕಂಡ ಕಡೆ ಅನುಮಾನ ಪಡಿ. ಹಲ್ಲಿಗೆ ಮಾತ್ರ ಇದಕ್ಕಿಂತ, ಮೋಡ್ ಮತ್ತೆ `Normal` ಮಾಡಿ ಮೇಲಿನ ಲೇಯರನ್ನು ಆನ್-ಆಫ್ ಮಾಡ್ತಾ ನೋಡೋದು ವಾಸಿ. ಹಲ್ಲು ಜರುಗಿದ್ದರೆ ಕಣ್ಣಿಗೆ ಕುಣಿದಂತೆ ಕಾಣುತ್ತೆ.

ಪುಟ್ಟಿ_ಮೈಸೂರು: ನನ್ನ ಪಾಸ್‌ಪೋರ್ಟ್ ಫೋಟೋದಲ್ಲೂ ಹಲ್ಲು ಹಳದಿ ಕಾಣುತ್ತೆ, ಬಿಳಿ ಮಾಡೋದು ಹೇಗೆ?

ಡಾರ್ಕ್‌ರೂಮ್: ಇಲ್ಲಿನ ವಿಷಯ ಅದಲ್ಲ ಪುಟ್ಟಿ. ಪಾಸ್‌ಪೋರ್ಟ್‌ಗೆ ತಿದ್ದಿದ ಫೋಟೋ ಕೊಡಲೇಬೇಡಿ, ಬೇರೆ ತೆಗೆಸಿ.

ಹಳೇಆಲ್ಬಮ್: ಮಾಡಿದೆ ಸರ್. ಪಕ್ಕದಲ್ಲಿ ನಿಂತ ದೊಡ್ಡತ್ತೆಯ ಮೂಗಿನ ಮೇಲೆ ಬೆಳ್ಳಗೊಂದು ಚುಕ್ಕೆ ಕಂಡಿತು. ಮೂಗುತಿಯನ್ನೇ ಅಳಿಸಿ ಚರ್ಮ ಬಳಿದಿದೆ! ಯಾರೂ ಗಮನಿಸಿರಲಿಲ್ಲ.

ಡಾರ್ಕ್‌ರೂಮ್: ಕಲೆ ಅಂದುಕೊಂಡಿರುತ್ತೆ. ಈಗ ಮೇಲಿನ ಲೇಯರ್‌ಗೆ ಕಪ್ಪು ಮಾಸ್ಕ್ ಹಾಕಿ, ಮೂಗುತಿ, ಬಾಯಿ, ಎರಡೂ ಓಲೆ, ಕೈ ಇರುವಲ್ಲಿ ಮೆತ್ತನೆ ಬ್ರಷ್‌ನಿಂದ ಬಿಳಿ ಬಳಿಯಿರಿ. ಮೂಲ ವಾಪಸ್ ಬರುತ್ತೆ. ಕಂಪ್ಯೂಟರ್‌ನಲ್ಲಿ ಮತ್ತೆ ಮಾಡೋದಾದರೆ ಕೋಡ್‌ಫಾರ್ಮರ್ ಅನ್ನೋ ಮುಖ ತಿದ್ದುವ ಟೂಲ್ ನೋಡಿ:

```
python inference_codeformer.py -w 0.9 --input_path ajji.png
```

`-w` 1ರ ಹತ್ತಿರ ಹೋದಷ್ಟೂ ಮೂಲ ಮುಖಕ್ಕೆ ಹತ್ತಿರ. ನುಣುಪು ಕಡಿಮೆಯಾಗುತ್ತೆ, ಆದರೆ ಅದು ಅಜ್ಜಿಯದೇ ಮುಖ.

ಶೆಟ್ರು: ಮುಖ ಶಾರ್ಪ್, ಬಾಯಿ ಮಸುಕು ಅಂದರೆ ತೇಪೆ ಹಾಕಿದ ಹಾಗೆ ಕಾಣಲ್ವಾ?

ಡಾರ್ಕ್‌ರೂಮ್: ಕಾಣುತ್ತೆ. ಇಡೀ ಫೋಟೋಗೆ ತೆಳುವಾಗಿ ಗ್ರೇನ್ ಹಾಕಿದರೆ ಸ್ವಲ್ಪ ಹೊಂದುತ್ತೆ.

ಹಳೇಆಲ್ಬಮ್: ಬಾಯಿ, ಓಲೆ ಹೊಂದಿದವು, ಸಂದಿಯೂ ಬಂತು. ಕೈ ಮಾತ್ರ ಕಷ್ಟ ಸರ್. ಮೂಲದಲ್ಲೇ ಬೆರಳು ಮಗುವಿನ ಬಟ್ಟೆಯೊಳಗೆ ಕಲಸಿಹೋಗಿದೆ. ಐದನೆಯದು ಬೆರಳೋ ಬಟ್ಟೆಯ ಮಡಿಕೆಯೋ ಗೊತ್ತಾಗ್ತಿಲ್ಲ. 600ರ ಸ್ಕ್ಯಾನ್ ನಾಳೆ ಹಾಕ್ತೀನಿ, ನೋಡಿ ಹೇಳಿ.